ಟೆಕ್ನಿಶಿಯನ್ ಟ್ರೈನಿ ಹುದ್ದೆಗೆ ಅರ್ಜಿ

ದಿನಾಂಕ: 12-06-2025
ಕಳ್ಳಂಬೆಳ್ಳ

ಇಂದ,
ರೇಣುಕಾ ಎಚ್.,
ಕಳ್ಳಂಬೆಳ್ಳ, ಶಿರಾ ತಾಲ್ಲೂಕು,
ತುಮಕೂರು ಜಿಲ್ಲೆ

ಗೆ,
ಎಚ್.ಆರ್. ಮ್ಯಾನೇಜರ್ ಅವರಿಗೆ,
ವಸಂತನರಸಾಪುರ ಕೈಗಾರಿಕಾ ಪ್ರದೇಶ,
ತುಮಕೂರು

ಮಾನ್ಯರೇ,

ವಿಷಯ: ಮೆಂಟೆನೆನ್ಸ್ ವಿಭಾಗದಲ್ಲಿ ಎಲೆಕ್ಟ್ರಿಕಲ್ ಟೆಕ್ನಿಶಿಯನ್ ಟ್ರೈನಿ ಹುದ್ದೆಗೆ ಅರ್ಜಿ

ನಿಮ್ಮ ಕಾರ್ಖಾನೆಗೆ ಟ್ರೈನಿಗಳು ಬೇಕು ಎಂಬ ಪ್ರಕಟಣೆಯನ್ನು ನಾನು ಓದಿದ ಐಟಿಐನ ನೋಟಿಸ್ ಬೋರ್ಡಿನಲ್ಲಿ ನೋಡಿದೆ. ಅದರಲ್ಲಿ ಪ್ರೊಡಕ್ಷನ್ ಲೈನ್ ಮತ್ತು ಮೆಂಟೆನೆನ್ಸ್ ಎರಡೂ ಇವೆ. ನಾನು ಅರ್ಜಿ ಹಾಕುತ್ತಿರುವುದು ಮೆಂಟೆನೆನ್ಸ್‌ಗೆ.

ತುಮಕೂರಿನ ಸರ್ಕಾರಿ ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ 2024ರಲ್ಲಿ ಪಾಸಾದೆ. ಮಾರ್ಕ್ಸ್ ಕಾರ್ಡ್ ನೋಡಿದಾಗ ನಿಮಗೇ ಗೊತ್ತಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ಮೊದಲ ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಫೇಲಾಗಿದ್ದೆ, ಮರು ಪರೀಕ್ಷೆಯಲ್ಲಿ ಪಾಸು ಮಾಡಿಕೊಂಡೆ. ಪ್ರಾಕ್ಟಿಕಲ್‌ನಲ್ಲಿ ಮಾತ್ರ ಎರಡೂ ವರ್ಷ ಒಳ್ಳೆಯ ಅಂಕ ಬಂದಿವೆ.

ಪಾಸಾದ ಮೇಲೆ ಅಪ್ರೆಂಟಿಸ್‌ಗೆ ಕರೆ ಬಂದಿತ್ತು. ಅದೇ ವಾರ ಅಮ್ಮನಿಗೆ ಆಪರೇಷನ್ ಆಯಿತು, ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಹೋಗಲಿಲ್ಲ. ಈಗ ಅಮ್ಮ ಚೆನ್ನಾಗಿದ್ದಾರೆ. ಸುಮ್ನೆ ಕೂತಿರಬಾರದೆಂದು ಆವತ್ತಿನಿಂದ ಶಿರಾದಲ್ಲಿರುವ ನಮ್ಮ ಸೋದರಮಾವನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದೇನೆ. ಒಂಬತ್ತು ತಿಂಗಳಾಯಿತು. ನಮ್ಮ ಕಡೆ ಬೋರ್‌ವೆಲ್ ಜಾಸ್ತಿ, ಸುಟ್ಟ ಮೋಟಾರೂ ಜಾಸ್ತಿ. ಹಳೆ ಕಾಯಿಲ್ ತೆಗೆಯುವುದು, ಸುತ್ತು ಎಣಿಸಿ ಬರೆದಿಡುವುದು, ಹೊಸ ವೈಂಡಿಂಗ್ ಮುಗಿದ ಮೇಲೆ ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡುವುದು ನನ್ನ ಕೆಲಸ.

ಮೆಂಟೆನೆನ್ಸೇ ಏಕೆ ಎಂದರೆ, ಅಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಒಬ್ಬ ರೈತರು 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ತಂದಿದ್ದರು. ಕಟ್ಟಿಕೊಟ್ಟು ಇಪ್ಪತ್ತು ದಿನವೂ ಆಗಿರಲಿಲ್ಲ, ಮತ್ತೆ ಸುಟ್ಟುಕೊಂಡು ಬಂತು. ನಮ್ಮ ವೈಂಡಿಂಗೇ ಸರಿಯಿಲ್ಲ ಎಂದು ಅವರು ರೇಗಾಡಿದರು. ಬಿಚ್ಚಿ ನೋಡಿದರೆ ಎರಡು ಫೇಸಿನ ಕಾಯಿಲ್ ಕಪ್ಪಾಗಿ ಮೂರನೆಯದು ಹೊಸದರ ಹಾಗೇ ಇತ್ತು. ಸ್ಟಾರ್ ಕನೆಕ್ಷನ್ ಮೋಟಾರು ಹೀಗೆ ಸುಟ್ಟರೆ ಒಂದು ಫೇಸ್ ತಪ್ಪಿರಬೇಕು ಎಂದು ಐಟಿಐನಲ್ಲಿ ಓದಿದ್ದೆ. ಮಾವನಿಗೆ ಹೇಳಿ ಅವರ ತೋಟಕ್ಕೇ ಹೋದೆ. ಸ್ಟಾರ್ಟರ್ ತೆಗೆದರೆ ಕಾಂಟ್ಯಾಕ್ಟರಿನ ಒಂದು ಪಾಯಿಂಟ್ ಪೂರ್ತಿ ಸವೆದು ಕರಕಲಾಗಿತ್ತು. ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಯಾರೋ ಓವರ್‌ಲೋಡ್ ರಿಲೇಗೆ ತುಂಡು ವೈರ್ ಹಾಕಿ ಬೈಪಾಸ್ ಮಾಡಿದ್ದರು. ಪಾಪ, ಟ್ರಿಪ್ ಆಗಿ ಮೋಟಾರ್ ಉಳಿಸುತ್ತಿದ್ದ ರಿಲೇಯನ್ನೇ ಅವರು ದೂರಿದ್ದರು! ಕಾಂಟ್ಯಾಕ್ಟ್ ಕಿಟ್ ಬದಲಾಯಿಸಿ, ಆ ವೈರ್ ಕಿತ್ತು, ಮೋಟಾರ್ ಪ್ಲೇಟಿನಲ್ಲಿದ್ದ 15 ಆಂಪ್ಸಿಗೆ ರಿಲೇ ಸೆಟ್ ಮಾಡಿ ಬಂದೆ. ಆ ಮೋಟಾರ್ ಮತ್ತೆ ಅಂಗಡಿಗೆ ಬಂದಿಲ್ಲ. ಮೋಟಾರ್ ಕಟ್ಟಿದ್ದಕ್ಕಿಂತ ಅದು ಏಕೆ ಸುಟ್ಟಿತು ಎಂದು ಕಂಡುಹಿಡಿದದ್ದೇ ನನಗೆ ಹೆಚ್ಚು ಖುಷಿ ಕೊಟ್ಟಿತು.

ಡಿಒಎಲ್ ಮತ್ತು ಸ್ಟಾರ್-ಡೆಲ್ಟಾ ಸ್ಟಾರ್ಟರ್ ವೈರಿಂಗನ್ನು ಡಯಾಗ್ರಾಂ ನೋಡದೆ ಮಾಡುತ್ತೇನೆ. ಪಿಎಲ್‌ಸಿ ನನಗೆ ಬರುವುದಿಲ್ಲ. ಲ್ಯಾಡರ್ ಡಯಾಗ್ರಾಂ ಪುಸ್ತಕದಲ್ಲಿ ನೋಡಿ ಅರ್ಥ ಮಾಡಿಕೊಂಡಿದ್ದೇನೆ ಅಷ್ಟೇ, ನಿಜವಾದ ಪ್ಯಾನೆಲ್ ಮುಟ್ಟಿಲ್ಲ. ನಿಮ್ಮಲ್ಲಿ ಕಲಿಯಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಹುಡುಗಿ ಮೆಂಟೆನೆನ್ಸ್‌ಗೆ ಬರುತ್ತಾಳಾ ಎಂಬ ಪ್ರಶ್ನೆ ಬರಬಹುದು. ಏಣಿ ಹತ್ತುತ್ತೇನೆ, ಗ್ರೀಸ್ ಮುಟ್ಟುತ್ತೇನೆ. ಮೂರು ಪಾಳಿಗೂ ತಯಾರಿದ್ದೇನೆ. ರಾತ್ರಿ ಪಾಳಿಗೆ ಮಾತ್ರ ಕಾರ್ಖಾನೆಯ ಗಾಡಿ ಇರುತ್ತದೆಯೇ ಎಂದು ತಿಳಿಸಿದರೆ ಮನೆಯಲ್ಲಿ ಹೇಳಲು ಅನುಕೂಲ. ಹಗಲು ನನ್ನ ಸ್ಕೂಟರ್ ಇದೆ.

ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಪಟ್ಟಿ, ಟ್ರೇಡ್ ಸರ್ಟಿಫಿಕೇಟ್, ಆಧಾರ್ ಪ್ರತಿಗಳ ಜೊತೆ ಮಾವನ ಅಂಗಡಿಯ ಅನುಭವ ಪತ್ರ ಇಟ್ಟಿದ್ದೇನೆ. ಸಂಬಂಧಿಕರು ಕೊಟ್ಟ ಪತ್ರಕ್ಕೆ ಎಷ್ಟು ಬೆಲೆಯೋ ಗೊತ್ತಿಲ್ಲ. ಅದರ ಬದಲು ಒಂದು ಕೆಟ್ಟ ಸ್ಟಾರ್ಟರ್ ಮುಂದಿಟ್ಟು ಪರೀಕ್ಷೆ ಮಾಡಿದರೆ ನನಗೆ ಇನ್ನೂ ಸಂತೋಷ.

ಯಾವ ದಿನ ಕರೆದರೂ ಬರುತ್ತೇನೆ. ನನ್ನ ಮೊಬೈಲ್ ನಂಬರ್ ನಿಮ್ಮ ಅರ್ಜಿ ನಮೂನೆಯಲ್ಲಿ ಬರೆದಿದ್ದೇನೆ. ಹಗಲು ಅಂಗಡಿಯ ಸದ್ದಿನಲ್ಲಿ ರಿಂಗ್ ಕೇಳಿಸದೆ ಹೋಗಬಹುದು. ಆಗ ನಾನೇ ತಿರುಗಿ ಮಾಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರೇಣುಕಾ ಎಚ್.