ರುದ್ರಣ್ಣನ ಹಲಗೆ

ದಾವಣಗೆರೆಯ ಹಳೇ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ರುದ್ರಣ್ಣನ ಚಾ ಅಂಗಡಿ. ಮಿಲ್ಲಿನ ಸೈರನ್ ನಿಂತು ಎಷ್ಟೋ ಕಾಲವಾಯಿತು. ಆದರೂ ಓಣಿಯ ಗಂಡಸರು ಶಿಫ್ಟಿಗೆ ಹೊರಟವರ ಹಾಗೆ ಬೆಳಗ್ಗೆ ಆರಕ್ಕೇ ಅಲ್ಲಿ ಸೇರುತ್ತಾರೆ. ಚಾ ಹತ್ತು ರೂಪಾಯಿ, ಸಂಜೆ ಮಂಡಕ್ಕಿ ಮಿರ್ಚಿ. ಈ ರೇಟು ಬರೆಯೋಕೆ ಅಂತ ರುದ್ರಣ್ಣ ಗುಜರಿಯಿಂದ ಒಂದು ಕರಿಹಲಗೆ ತಂದಿದ್ದ. ರೇಟು ಬರೆದ ಮೇಲೂ ಮೇಲಿನ ಅರ್ಧ ಖಾಲಿ ಉಳಿಯಿತು.

ಒಂದು ಸೋಮವಾರ ಆ ಜಾಗದಲ್ಲಿ ಬರೆದ: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ."

ಸೀಮೆಸುಣ್ಣವನ್ನು ನೀರಲ್ಲಿ ಅದ್ದಿ ಬರೆಯುತ್ತಿದ್ದ. ಬರೆಯುವಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಏಳುತ್ತದೆ. ಆಮೇಲೆ ಕೈಯಲ್ಲಿ ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ.

ರುದ್ರಣ್ಣನ ಬಾಮೈದ ಸುರೇಶ ಆ ಹಲಗೆಗೇ ಒರಗಿ ನಿಂತು ಚಾ ಕುಡಿದ. "ಬರ್ಕೊಳ್ಳಿ ಭಾವ" ಎಂದು ಆಟೋ ಹತ್ತಿ ಹೋದ.

ಅವತ್ತು ಸಂಜೆ ಟೈಲರ್ ಮಂಜಣ್ಣ ಹೂವಿನ ಗಂಗಮ್ಮನ ಮುಂದೆ ಐನೂರರ ಎರಡು ನೋಟು ಹಿಡಿದು ನಿಂತ. "ತಗೋ ಯಕ್ಕಾ. ಕೇಳೋದಿದ್ರೆ ನನ್ನನ್ನೇ ಕೇಳಬಾರದಿತ್ತಾ? ಚಾ ಅಂಗಡೀಲಿ ಬರೆಸಬೇಕಿತ್ತಾ?" ಗಂಗಮ್ಮನಿಗೆ ಓದು ಬರಲ್ಲ. ಹಲಗೆ ಇರೋದೇ ಗೊತ್ತಿರಲಿಲ್ಲ. ಆದರೆ ತಾನಾಗಿ ಬಂದ ದುಡ್ಡನ್ನು ಯಾರು ಬೇಡ ಅಂತಾರೆ? ಸೆರಗಿಗೆ ಗಂಟು ಹಾಕಿಕೊಂಡಳು.

ಮುಂದಿನ ವಾರ "ಬೇಲಿಯೇ ಎದ್ದು ಹೊಲ ಮೇಯ್ತು" ಅಂತ ಬಂತು. ನಲ್ಲಿ ನೀರು ಬಿಡುವ ತಿಪ್ಪೇಶಿ ಅದನ್ನು ಓದಿ ಅರ್ಧ ಚಾ ಹಾಗೇ ಬಿಟ್ಟು ಎದ್ದ. ಅವನ ಅಕ್ಕನ ಮನೆ ಮೇಲಿನ ಸಾಲಿನಲ್ಲಿತ್ತು. ಆ ಸಾಲಿಗೆ ಎರಡು ಗಂಟೆ ನೀರು, ಕೊನೇ ಮನೆಗಳಿಗೆ ಬರೀ ಗಾಳಿ. ಮುಂದಿನ ಸರದಿಯಲ್ಲಿ ಕೊನೇ ಮನೆಗೂ ನೀರು ಬಂತು. ಹೆಂಗಸರು ಕೊಡ, ಬಕೆಟ್ಟು ಮುಗಿದ ಮೇಲೆ ಹಿಟ್ಟಿನ ಡಬ್ಬಿಗೂ ತುಂಬಿಸಿಕೊಂಡರು. ಮತ್ತೆ ಯಾವಾಗ ಬರುತ್ತೋ ಯಾರಿಗೆ ಗೊತ್ತು!

ಹೀಗೇ ನಡೆಯಿತು. ಟ್ರಾನ್ಸ್‌ಫಾರ್ಮರ್ ಕೆಳಗೆ ಕಸ ಎಸೆಯುತ್ತಿದ್ದವರು ಗಾಡಿ ಬರೋ ತನಕ ಕಾಯತೊಡಗಿದರು. ಹಾಲಿನವನ ಹಾಲು ಸ್ವಲ್ಪ ಗಟ್ಟಿಯಾಯಿತು. ಕಸದ ಮೇಲಾಗಲಿ ಹಾಲಿನ ಮೇಲಾಗಲಿ ರುದ್ರಣ್ಣ ಒಂದು ಅಕ್ಷರ ಬರೆದಿರಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದು ರಿಟೈರ್ಡ್ ಮೇಷ್ಟ್ರು ನಕ್ಕರು. ಹಲಗೆಯ ಕಾಗುಣಿತ ತಿದ್ದೋದು ಅವರೇ. ಅದಕ್ಕೆ ಸಂಬಳ ಒಂದು ಹಾಫ್ ಚಾ.

ಎಲ್ಲಾ ಸರಿಹೋಯಿತು ಅಂತೇನಲ್ಲ. ಗೋಡೆ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಈಗಲೂ ಒಬ್ಬರು ಎದ್ದ ಮೇಲೇ ಇನ್ನೊಬ್ಬರು ಬೆಂಚಿಗೆ ಬರುತ್ತಾರೆ. ಈ ನಡುವೆ ಶಿಫಾರಸು ಬೇರೆ ಶುರುವಾಯಿತು. "ಅಣ್ಣಾ, ನಾಳೆ ನಮ್ಮತ್ತೆಗೆ ಒಂದು ಬರಿ" ಅಂತ ಸೊಸೆ ಚೀಟಿ ಕಳಿಸಿದಳು. ಅದೇ ಮನೆಯಿಂದ ಅತ್ತೆಯ ಚೀಟಿಯೂ ಬಂತು. ರುದ್ರಣ್ಣ ಎರಡನ್ನೂ ಒಲೆಗೆ ಹಾಕಿದ.

ಒಂದು ರಾತ್ರಿ ಯಾರೋ ಹಲಗೆಗೆ ಸಗಣಿ ಬಳಿದರು. ಬೆಳಗ್ಗೆ ರುದ್ರಣ್ಣ ತೊಳೆದು, ಬರೀ ರೇಟು ಬರೆದು ಸುಮ್ಮನಾದ. ಅವತ್ತು ಯಾರಿಗೂ ಚಾ ರುಚಿಸಲಿಲ್ಲ. ಖಾಲಿ ಬಿಟ್ಟಿದ್ದು ತನಗೇ ಇರಬೇಕು ಅಂತ ಒಬ್ಬೊಬ್ಬರಿಗೂ ಅನುಮಾನ. ಮಧ್ಯಾಹ್ನದೊಳಗೆ ತಿಪ್ಪೇಶಿ ಹೊಸ ಸೀಮೆಸುಣ್ಣದ ಡಬ್ಬಿ ತಂದುಕೊಟ್ಟ. ಮಂಜಣ್ಣ ಹಲಗೆ ಒರೆಸೋಕೆ ಅಂತ ಬಟ್ಟೆಯ ಚೂರುಗಳನ್ನು ಕೊಟ್ಟುಹೋದ.

ಮಾರನೇ ದಿನ ಬೆಂಚಿನಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. "ನಿಜ ಹೇಳು ರುದ್ರಣ್ಣ. ಯಾರಿಗೆ ತಾಗಲಿ ಅಂತ ಬರೀತೀಯ?"

ರುದ್ರಣ್ಣ ಶುಂಠಿ ಜಜ್ಜೋದು ನಿಲ್ಲಿಸಿ ಆಚೀಚೆ ನೋಡಿದ. "ಹೋದ ಯುಗಾದಿಗೆ ಆಟೋ ಇಂಜಿನ್ನಿಗೆ ಅಂತ ಸುರೇಶನಿಗೆ ನಲವತ್ತು ಸಾವಿರ ಕೊಟ್ಟೆ ಸಾರ್. ಬಾಯಿ ಬಿಟ್ಟು ಕೇಳಿದ್ರೆ ಮನೇಲಿ ಇವಳು ತಿಂಗಳುಗಟ್ಟಲೆ ಮುಖ ಊದಿಸ್ಕೋತಾಳೆ. ಅದಕ್ಕೇ ಬರೆದೆ. ಬೇಲಿ ಹೊಲಾನೂ ಅವನಿಗೇ. ಓಣಿಗೆಲ್ಲಾ ತಾಗ್ತು. ಅವನೊಬ್ಬನಿಗೆ ಬಿಟ್ಟು."

ಅಷ್ಟರಲ್ಲಿ ಆಟೋ ಬಂದು ನಿಂತಿತು. ರುದ್ರಣ್ಣ ಅವಸರದಲ್ಲಿ ಸೀಮೆಸುಣ್ಣ ಅದ್ದಿ, ಮತ್ತೆ ಅದೇ ಕೋಡಂಗಿ ಈರಭದ್ರರನ್ನು ದಪ್ಪ ಅಕ್ಷರದಲ್ಲಿ ಬರೆದ. ಸುರೇಶ ಇಬ್ಬರು ಗೆಳೆಯರ ಜೊತೆ ಇಳಿದ. ಅಕ್ಷರ ಒಣಗುವ ತನಕ ನಿಂತು, ಜೋರಾಗಿ ಓದಿ, ತಲೆ ಅಲ್ಲಾಡಿಸಿದ.

"ಥೂ! ನಮ್ಮ ಓಣೀಲಿ ಇನ್ನೂ ಇಂಥೋರು ಇದಾರಾ ಭಾವ? ಹೆಸರು ಹಾಕಿ ಬರೀರಿ ಅತ್ಲಾಗೆ, ನಾಚಿಕೆ ಆಗ್ಲಿ. ಮೂರು ಚಾ ಕೊಡಿ, ಬರ್ಕೊಳ್ಳಿ."

ಮೇಷ್ಟ್ರಿಗೆ ಚಾ ನೆತ್ತಿಗೆ ಹತ್ತಿತು.