ಶಿವನಸಮುದ್ರದ ಬಗ್ಗೆ ಏಳು ನಿಮಿಷ

ಡಯಾಸ್ ಹತ್ತಿ ನಿಂತಾಗ ನನ್ನ ಬಾಯಿ ಎಷ್ಟು ಒಣಗಿತ್ತೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬಿಎಸ್‌ಸಿ ಎರಡನೇ ವರ್ಷದ ಭೌತಶಾಸ್ತ್ರ ತರಗತಿ, ಎದುರಿಗೆ ನಲವತ್ತೆರಡು ಜನ. ಎಲ್ಲರೂ ದಿನಾ ಜೊತೆಗೆ ಕೂತು ಬುತ್ತಿ ಹಂಚಿಕೊಳ್ಳುವವರೇ. ಆದರೂ ಅವರ ಮುಖ ಆ ಬೆಳಿಗ್ಗೆ ಅಪರಿಚಿತವಾಗಿ ಕಂಡಿತು. ವಿಷಯ ನಾನೇ ಕೇಳಿ ಪಡೆದದ್ದು: 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿದ ಕತೆ. ನಾನು ಮಳವಳ್ಳಿ ತಾಲ್ಲೂಕಿನವಳು, ಇದನ್ನು ಬೇರೆ ಯಾರಿಗೂ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಮೂರು ರಾತ್ರಿ ಕೂತು ಎರಡೂವರೆ ಪುಟ ಬಾಯಿಪಾಠ ಮಾಡಿದ್ದೆ. ಮನೆಯಲ್ಲಿ ಒಪ್ಪಿಸಿದಾಗ ಸರಿಯಾಗಿ ಏಳು ನಿಮಿಷ. ತರಗತಿಯಲ್ಲಿ ಮೊದಲ ಪುಟ ಒಂದೂವರೆ ನಿಮಿಷಕ್ಕೇ ಮುಗಿದುಹೋಯಿತು. ಆಮೇಲೆ "ದಿವಾನ್ ಶೇಷಾದ್ರಿ ಅಯ್ಯರ್ ಅವರು..." ಅಂದೆ, ಮುಂದಿನ ಪದ ಬರಲಿಲ್ಲ. ಹಾಳೆ ನೋಡಿದೆ. ಸಾಲುಗಳೆಲ್ಲ ಒಂದೇ ಥರ ಕಂಡವು, ಎಲ್ಲಿದ್ದೆ ಅನ್ನುವುದೇ ತಿಳಿಯಲಿಲ್ಲ. ಬಾಯಿಪಾಠದ ಗುಣವೇ ಅಂಥದ್ದು. ಒಂದು ಪದ ತಪ್ಪಿದರೆ ಮುಂದಿನದಕ್ಕೆ ಹೋಗಲು ಬೇರೆ ದಾರಿ ಇರುವುದಿಲ್ಲ.

ಕಾಪಾಡಿದ್ದು ಕಪ್ಪುಹಲಗೆ. ಶುರುವಿನಲ್ಲಿ ಅದರ ಮೇಲೆ "147 ಕಿ.ಮೀ." ಎಂದು ದೊಡ್ಡದಾಗಿ ಬರೆದಿದ್ದೆ. ಅದರ ಕಡೆ ತಿರುಗಿದೆ, ಹಿಡಿದಿಟ್ಟಿದ್ದ ಉಸಿರು ತಾನಾಗಿ ಹೊರಗೆ ಬಂತು. "ಇಷ್ಟು ದೂರ ಕರೆಂಟ್ ಕಳಿಸಬೇಕು ಅಂದ್ರೆ ಏನು ಮಾಡ್ತೀವಿ?" ಅಂದೆ. ಹಾಳೆಯಲ್ಲಿ ಆ ವಾಕ್ಯವೇ ಇರಲಿಲ್ಲ. "ವೋಲ್ಟೇಜ್ ಜಾಸ್ತಿ" ಎಂದಿತು ಹಿಂದಿನ ಬೆಂಚು. ಹೌದು, ಅದೇ ಶಕ್ತಿಯನ್ನು ಎರಡು ಪಟ್ಟು ವೋಲ್ಟೇಜ್‌ನಲ್ಲಿ ಕಳಿಸಿದರೆ ವಿದ್ಯುತ್ ಪ್ರವಾಹ ಅರ್ಧಕ್ಕೆ ಇಳಿಯುತ್ತದೆ, ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಬರೆದು ತೋರಿಸುತ್ತಿದ್ದಾಗ ಚಾಕ್‌ಪೀಸ್ ಹಿಡಿದ ಕೈ ನಡುಗುತ್ತಿರಲಿಲ್ಲ.

ಕೊನೆಗೆ ಮರೆತಿದ್ದ ಸಾಲೂ ನೆನಪಾಯಿತು. ಈ ಯೋಜನೆಯ ಬೆನ್ನಿಗೆ ನಿಂತ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಆ ವಿದ್ಯುತ್ ಹರಿದದ್ದನ್ನು ಅವರು ನೋಡಲಿಲ್ಲ. ಅಷ್ಟು ಹೇಳಿ ಸುಮ್ಮನಾದೆ. ತರಗತಿಯೂ ಸುಮ್ಮನಿತ್ತು. ಸ್ವಲ್ಪ ಹೊತ್ತಿನ ಹಿಂದೆ ನನ್ನನ್ನು ಕೊಂದಿದ್ದು ಇಂಥದೇ ಮೌನ. ಈ ಸಲ ಅದು ಅವರು ಕೇಳಿಸಿಕೊಳ್ಳುತ್ತಿದ್ದ ಮೌನವಾಗಿತ್ತು.

ಹೊರಗೆ ಬಂದ ಮೇಲೆ ಗೆಳತಿಯನ್ನು ಕೇಳಿದೆ: "ತುಂಬಾ ನಡುಗ್ತಿದ್ನಾ?"

"ಹಾಳೆ ಒಂಚೂರು ಅಲ್ಲಾಡ್ತಿತ್ತು ಕಣೆ, ಅಷ್ಟೇ. ಆದ್ರೆ ಮೊದ್ಲು ಹೇಳಿದ್ದು ಒಂದೂ ತಿಳೀಲಿಲ್ಲ. ಏನ್ ಸ್ಪೀಡು!"

ಈ ಮಾತನ್ನೇ ಆಮೇಲೂ ಬಹಳ ಯೋಚಿಸಿದೆ. ಎದೆ ಹೊಡೆದುಕೊಳ್ಳುವುದು, ಬೆರಳು ತಣ್ಣಗಾಗುವುದು, ಬಾಯಿ ಒಣಗುವುದು ಎಲ್ಲವೂ ಅಡ್ರಿನಲಿನ್ ಕೆಲಸ. ಅಪಾಯ ಬಂತೆಂದು ದೇಹ ಓಡಲು ಸಜ್ಜಾಗುತ್ತದೆ. ನನಗೆ ಅದು ದೊಡ್ಡ ಗಲಾಟೆ, ಕೇಳುವವರಿಗೆ ಅದರಲ್ಲಿ ಹೆಚ್ಚಿನದು ಕಾಣಿಸುವುದೇ ಇಲ್ಲ. ಹೆದರಿಕೆ ಮುಚ್ಚಿಡಲು ಅಷ್ಟು ಶ್ರಮಪಟ್ಟೆ. ಅವರಿಗೆ ತೊಂದರೆ ಕೊಟ್ಟದ್ದು ಹೆದರಿಕೆಯಲ್ಲ, ಬೇಗ ಮುಗಿಸಿ ಕೂರಬೇಕೆಂಬ ನನ್ನ ಅವಸರ.

ಮುಂದಿನ ತಿಂಗಳು ಇನ್ನೊಂದು ಸೆಮಿನಾರ್ ಇದೆ. ಈ ಸಲ ಹಾಳೆ ಬೇಡ, ಅಂಗೈಯಗಲದ ದಪ್ಪ ರಟ್ಟು ಸಾಕು. ಅದು ಕೈ ನಡುಗಿದರೂ ಪಟಪಟ ಅನ್ನುವುದಿಲ್ಲ. ಅದರ ಮೇಲೆ ಆರೇ ಪದ ಬರೆದುಕೊಂಡಿದ್ದೇನೆ. ಬಾಯಿಪಾಠ ಮೊದಲ ಎರಡು ವಾಕ್ಯಕ್ಕೆ ಮಾತ್ರ, ಯಾಕೆಂದರೆ ಭಯ ನನ್ನನ್ನು ಹಿಡಿಯುವುದು ಆ ಅರ್ಧ ನಿಮಿಷದಲ್ಲೇ. ಹೆಸರು ಕರೆಯುವ ಮುಂಚೆ, ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದನ್ನು ನಾಲ್ಕೈದು ಸಲ ಮಾಡುತ್ತೇನೆ. ಎದೆಬಡಿತ ತುಸು ಇಳಿಯುವುದನ್ನು ಮಣಿಕಟ್ಟಿನ ನಾಡಿ ಹಿಡಿದೇ ನೋಡಿದ್ದೇನೆ. ಗೋಡೆ ನೋಡಿ ಮಾತಾಡು ಎನ್ನುವ ಸಲಹೆ ನನಗೆ ಹಿಡಿಸಲಿಲ್ಲ. ಒಂದು ವಾಕ್ಯ ಮುಗಿಯುವವರೆಗೆ ಒಂದು ಮುಖ, ಆಮೇಲೆ ಇನ್ನೊಂದು. ಹಿಂದಿನ ಬೆಂಚಿನಿಂದ ಉತ್ತರ ಬಂದ ಕ್ಷಣ ನನಗೆ ಧೈರ್ಯ ಬಂದಿತ್ತಲ್ಲ!

ಅಭ್ಯಾಸವನ್ನೂ ಈಗ ಕೂತು ಮಾಡುವುದಿಲ್ಲ. ಸಂಜೆ ಜಗುಲಿಯಲ್ಲಿ ತಾತ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಹೇಳುತ್ತೇನೆ. ತಾತನಿಗೆ ಟ್ರಾನ್ಸ್‌ಫಾರ್ಮರ್ ಅರ್ಥವಾಗುವಂತೆ ಹೇಳಬೇಕಾದರೆ ಓಡಲು ಆಗುವುದಿಲ್ಲ. ನಿನ್ನೆ ನಡುವೆಯೇ ಕೈಯೆತ್ತಿ ನಿಲ್ಲಿಸಿದರು.

"ಅಲ್ಲಿ ಒಂದ್ ಗಳಿಗೆ ನಿಲ್ಲವ್ವ. ನಾನಿನ್ನೂ ಹಿಂದಿನ ಮಾತಲ್ಲೇ ಇವ್ನಿ."

ರಟ್ಟಿನಲ್ಲಿ ಆ ಜಾಗಕ್ಕೆ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡೆ.