ಒಂದಕ್ಷರ ಆಚೆ

ರಾತ್ರಿ ಹತ್ತೂವರೆ. ಬೆಟಗೇರಿಯ ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ನಮ್ಮ ಓಣಿಯ ಬಸವಣ್ಣನ ಜಾತ್ರೆಯ ಬ್ಯಾನರ್ ಮುಗಿದಿತ್ತು. 20 ಅಡಿ ಅಗಲ, 10 ಅಡಿ ಎತ್ತರ. ನಡುವೆ ತೇರು, ಮೇಲೆ ಸ್ವಾಮಿಗಳು, ಕೆಳಗೆ ಕಮಿಟಿಯ 34 ಮಂದಿಯ ಪಾಸ್‌ಪೋರ್ಟ್ ಫೋಟೋ. ಬಸವಣ್ಣನಿಗಿಂತ ಇವರಿಗೇ ಜಾಗ ಜಾಸ್ತಿ, ಇರಲಿ. ಒಂದು ಗಂಟೆಗೆ ಗದಗದಲ್ಲಿ ಮಷಿನ್ ಮೇಲೆ ಹಾಕಿದರೆ ನಸುಕಿಗೆ ಕಟ್ಟಬಹುದು.

ಫೈಲ್ ಕಳಿಸುವ ಮೊದಲು ಬಾಗಿಲ ತನಕ ಹೋಗಿ ದೂರದಿಂದ ಒಮ್ಮೆ ನೋಡುವುದು ನನ್ನ ರೂಢಿ. ಮಂದಿ ನೋಡುವುದು ದೂರದಿಂದಲೇ ಅಲ್ವಾ? ಕೈಯಲ್ಲಿ ಗಿರಮಿಟ್ ಪೊಟ್ಟಣ ಹಿಡಿದು ನೋಡಿದೆ. ತೇರಿನ ಗಾಲಿಗಿಂತ ದೊಡ್ಡದಾಗಿ, ಹಳದಿ ಅಕ್ಷರದಲ್ಲಿ, 'ಆರ್ಶೀವಾದ'.

ನನ್ನ ತಪ್ಪಲ್ಲ. ಕಮಿಟಿಯ ಕಾಕಾ ಹಾಳೆಯಲ್ಲಿ ಬರೆದುಕೊಟ್ಟಿದ್ದೇ ಹಾಗೆ, ನಾನು ಸುಮ್ನೆ ನೋಡಿ ಹೊಡೆದಿದ್ದೆ. ಅಂದರೆ ಅರ್ಧ ನನ್ನದೂ ಹೌದು. ಫೋನ್ ಮಾಡಿದೆ.

"ಕಾಕಾರ, ಆಶೀರ್ವಾದ ತಪ್ಪಾಗೇತ್ರಿ."

"ಆಶೀರ್ವಾದ ಹೆಂಗ ತಪ್ಪಾಗ್ತತಿ ಬೇ?"

"ಅಕ್ಷರ ರೀ. ಅರ್ಕಾವೊತ್ತು ಶೀ ಮುಂದ ಬಂದೈತಿ, ವಾ ಮುಂದ ಬರಬೇಕು."

"ಗುಡಿ ಬಾಗಲದ ಮ್ಯಾಲೆ ಹೆಂಗೈತೋ ಹಂಗ ಬರದೇನಿ. ಒಂದ ಅಕ್ಷರ ಮುಟ್ಟಬ್ಯಾಡ."

ಫೋನ್ ಇಟ್ಟರು. ಮುಟ್ಟಬೇಡ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಆದರೆ ಫಾಂಟ್ ಕೆಡಬಾರದು ಅಂತ ಅಕ್ಷರಗಳನ್ನೆಲ್ಲ ಆಗಲೇ ಕರ್ವ್ ಮಾಡಿಬಿಟ್ಟಿದ್ದೆ, ಹಳೆಯ ಫೈಲ್ ಮೇಲೇ ಸೇವ್ ಕೂಡ ಮಾಡಿದ್ದೆ, ಅಂದರೆ ಈಗ ಅವು ಅಕ್ಷರಗಳೇ ಅಲ್ಲ, ಬರೀ ಚಿತ್ರ, ಮತ್ತೆ ಟೈಪ್ ಮಾಡಿದರೆ ಆ ನೆರಳು, ಬಂಗಾರದ ಅಂಚು ಎಲ್ಲ ಮೊದಲಿನಿಂದ. ಹತ್ತು ನಿಮಿಷ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಹೊಸದಾಗಿ ಏನೂ ಬರೆಯಬೇಕಿಲ್ಲ. ಎಲ್ಲ ಅಕ್ಷರ ಇವೆ, ಅರ್ಕಾವೊತ್ತು ಮಾತ್ರ ಒಂದು ಮನೆ ಹಿಂದೆ ಕೂತಿದೆ. ಪದ ಬಿಡಿಸಿದೆ. ಅರ್ಕಾವೊತ್ತು ಹಿಡಿದು ವಾ ಆಚೆ ಎಳೆದೆ, ವಾ ಸ್ವಲ್ಪ ಎಡಕ್ಕೆ ಸರಿಸಿದೆ. ನೆರಳಿಗೂ ಅಂಚಿಗೂ ಅದೇ ಕೆಲಸ. ಆಶೀರ್ವಾದ.

ಹನ್ನೆರಡಕ್ಕೆ ಎರಡೂ ಚಿತ್ರ ಕಾಕಾಗೆ ಕಳಿಸಿ, ಮೇಲಿನದೋ ಕೆಳಗಿನದೋ ಅಂತ ಕೇಳಿದೆ. ನೀಲಿ ಗೆರೆ ಬಂತು, ಉತ್ತರ ಇಲ್ಲ. ಮಷಿನ್‌ನವನು ಎರಡು ಸಲ ಫೋನ್ ಮಾಡಿದ. ಹನ್ನೆರಡೂಮುಕ್ಕಾಲಿಗೆ ಕಾಕಾ ತಾವೇ ಫೋನ್ ಮಾಡಿದರು. ಹಿಂದೆ ನಾಯಿ ಬೊಗಳುತ್ತಿತ್ತು, ಮನೆಯಲ್ಲಿದ್ದ ಹಾಗಿರಲಿಲ್ಲ.

"ಎಲ್ಲಿದೀರಿ ಕಾಕಾರ?"

"ಗುಡಿ ಮುಂದ ಅದೇನಿ. ಬ್ಯಾಟರಿ ಹಿಡದ ನೋಡಾಕತ್ತೇನಿ." ಸ್ವಲ್ಪ ಹೊತ್ತು ಮಾತಿಲ್ಲ. "ಕೆಳಗಿಂದ ಹಾಕು. ಅಲ್ಲ ಬೇ, ಇದು ನಮ್ಮಪ್ಪ ಕೆತ್ತಿಸಿದ ಕಲ್ಲು. ಕಲ್ಲಿನ್ಯಾಗೂ ಹಿಂಗ ಒಂದ ಅಕ್ಷರ ಆಚೆ ಜಗ್ಗಾಕ ಬರ್ತತೇನು?"